ಕಂಪ್ಲೇಂಟ್ ಕಾಮೆಂಟ್‌ಗೆ ಅಲ್ಲೇ ಉತ್ತರ ಕೊಡ್ಬೇಕಾ, ಡಿಎಂಗೆ ಕರೀಬೇಕಾ?

ಪ್ರಶ್ನೆ: ಇನ್‌ಸ್ಟಾಗ್ರಾಮ್‌ನಲ್ಲಿ ಇಳಕಲ್ ಸೀರೆ ಮಾರ್ತೀವಿ. ನಿನ್ನೆ ಪೋಸ್ಟ್ ಕೆಳಗೆ ಒಬ್ರು ‘ಸೆರಗು ಹರಿದಿರೋ ಸೀರೆ ಕಳ್ಸಿದಾರೆ, ಎರಡು ಸಲ ಮೆಸೇಜ್ ಮಾಡಿದ್ರೂ ಉತ್ತರ ಇಲ್ಲ, ಮೋಸ’ ಅಂತ ಹಾಕಿದಾರೆ. ಡಿಲೀಟ್ ಮಾಡಿ ಡಿಎಂನಲ್ಲಿ ಮಾತಾಡಿದ್ರೆ ಸಾಕಲ್ವಾ?

ಉತ್ತರ: ಡಿಲೀಟ್ ಮಾಡ್ಬೇಡಿ, ಅವರ ಹತ್ರ ಸ್ಕ್ರೀನ್‌ಶಾಟ್ ಇದ್ರೂ ಇರ್ಬಹುದು, ನಾಳೆ ಅದೇ ಸ್ಟೋರಿ ಆಗ್ಬಹುದು. ಉತ್ತರ ಬರೆಯೋಕೆ ಮುಂಚೆ ನಿಮ್ಮ ಇನ್‌ಬಾಕ್ಸ್‌ನ ಮೆಸೇಜ್ ರಿಕ್ವೆಸ್ಟ್ ಅನ್ನೋ ಜಾಗ ತೆಗೆದು ನೋಡಿ. ನೀವು ಫಾಲೋ ಮಾಡದೇ ಇರೋರ ಮೆಸೇಜ್ ಎಷ್ಟೋ ಸಲ ಅಲ್ಲೇ ಹೋಗಿ ಕೂತಿರುತ್ತೆ, ನೋಟಿಫಿಕೇಶನ್ ಕೂಡ ಬರದೇ ಇರ್ಬಹುದು. ಅವರ ಎರಡು ಮೆಸೇಜೂ ಅಲ್ಲೇ ಸಿಕ್ರೂ ಸಿಗ್ಬಹುದು.

ಆಮೇಲೆ ಅದೇ ಕಾಮೆಂಟ್ ಕೆಳಗೆ ಹೀಗೆ ಬರೀರಿ: ‘ಮೇಡಂ, ನಿಮ್ಮ ಮೆಸೇಜ್ ನೋಡದೇ ಇದ್ದಿದ್ದು ನಮ್ಮ ತಪ್ಪು, ಕ್ಷಮಿಸಿ. ಹರಿದಿರೋ ಸೀರೆ ನಿಮ್ಮ ಹತ್ರ ಉಳಿಯೋಕೆ ಬಿಡಲ್ಲ, ಬದಲಿ ಸೀರೆ ಇಲ್ಲಾ ದುಡ್ಡು ವಾಪಸ್, ನೀವು ಹೇಳಿದ ಹಾಗೆ. ಆರ್ಡರ್ ನಂಬರ್, ಸೆರಗಿನ ಫೋಟೋ ಈ ಪೇಜ್‌ಗೇ ಡಿಎಂ ಮಾಡಿ, ಇವತ್ತು ಸಂಜೆ 6ರೊಳಗೆ ಉತ್ತರ ಕೊಡ್ತೀವಿ.’ ಬರೀ ‘ಪ್ಲೀಸ್ ಡಿಎಂ ಅಸ್’ ಅಂತ ಹಾಕಿದ್ರೆ ಓದೋರಿಗೆ ಬಾಯಿ ಮುಚ್ಚಿಸೋಕೆ ಕರೀತಿದಾರೆ ಅನ್ಸುತ್ತೆ, ಅದ್ರಲ್ಲೂ ಹತ್ತು ಜನಕ್ಕೆ ಅದನ್ನೇ ಪೇಸ್ಟ್ ಮಾಡಿದ್ರೆ ಮುಗೀತು ಕಥೆ. ಏನು ತಪ್ಪಾಯ್ತು, ಏನು ಮಾಡ್ತೀರ, ಎಷ್ಟೊತ್ತಿಗೆ, ಇಷ್ಟು ಎಲ್ಲರಿಗೂ ಕಾಣ್ಲಿ.

ಫೋನ್ ನಂಬರ್, ಅಡ್ರೆಸ್, ಆರ್ಡರ್ ನಂಬರ್, ಯುಪಿಐ ಐಡಿ ಮಾತ್ರ ಕಾಮೆಂಟ್‌ನಲ್ಲಿ ಕೇಳ್ಲೇಬೇಡಿ. ಇಂಥ ಕಂಪ್ಲೇಂಟ್‌ಗಳನ್ನೇ ಕಾಯ್ತಿರೋ ಕಳ್ಳರಿದಾರೆ ಕಣ್ರೀ, ನಿಮ್ಮದೇ ಲೋಗೋ, ಒಂದಕ್ಷರ ವ್ಯತ್ಯಾಸದ ಹೆಸರು ಇಟ್ಕೊಂಡು ‘ರಿಫಂಡ್ ಕೊಡ್ತೀವಿ’ ಅಂತ ಆಯಮ್ಮಂಗೆ ಫೋನ್ ಮಾಡಿ ಯುಪಿಐ ಪಿನ್ ಹಾಕ್ಸಿ ಇರೋ ದುಡ್ಡನ್ನೂ ಎತ್ಕೊಂಡು ಹೋಗ್ತಾರೆ. ದುಡ್ಡು ಬರೋಕೆ ಪಿನ್ ಬೇಕಾಗಲ್ಲ, ಕಳ್ಸೋಕೆ ಮಾತ್ರ ಬೇಕು, ಇದನ್ನ ಡಿಎಂನಲ್ಲಿ ಒಂದು ಮಾತು ಹೇಳ್ಬಿಡಿ. ಕಂಪ್ಲೇಂಟ್ ಹಾಕಿದೋರೇ ತಮ್ಮ ನಂಬರ್ ಹಾಕ್ಬಿಟ್ಟಿದ್ರೆ ಆ ಕಾಮೆಂಟ್ ತೆಗೆಯೋಕೆ ಅವರನ್ನೇ ಕೇಳಿ, ಯಾಕೆ ಅಂತಾನೂ ಹೇಳಿ.

ಅವರು ಬರೋಕೆ ಮುಂಚೆ ನೀವೇ ಡಿಎಂ ಮಾಡೋದಾದ್ರೆ ಅವರ ಕಡೆಯೂ ಅದು ರಿಕ್ವೆಸ್ಟ್‌ನಲ್ಲೇ ಬೀಳ್ಬಹುದು, ಹಾಗಾಗಿ ‘ಮೆಸೇಜ್ ಕಳ್ಸಿದೀವಿ, ರಿಕ್ವೆಸ್ಟ್‌ನಲ್ಲಿ ನೋಡಿ’ ಅಂತ ಕಾಮೆಂಟ್‌ನಲ್ಲೂ ಹಾಕಿ. ಅವರು ಬಂದ ಮೇಲೆ ಮೊದ್ಲಿಂದ ಕಥೆ ಹೇಳಿಸ್ಬೇಡಿ, ಕಾಮೆಂಟ್ ಓದಿದೀವಲ್ಲ. ಹರಿದಿದ್ದು ಕೊರಿಯರ್‌ನೋರಿಂದಲಾ, ಉಟ್ಟ ಮೇಲಾ ಅನ್ನೋ ವಾದ ಏನಿದ್ರೂ ಡಿಎಂನಲ್ಲೇ, ಅದರ ಸ್ಕ್ರೀನ್‌ಶಾಟ್ ತಂದು ಪೇಜಲ್ಲಿ ಹಾಕೋ ಕೆಲಸ ಬೇಡ.

ಬದಲಿ ಸೀರೆ ಹೊರಟ ದಿನ ಹಳೇ ಕಾಮೆಂಟ್‌ಗೆ ವಾಪಸ್ ಬಂದು ‘ಬದಲಿ ಸೀರೆ ಇವತ್ತು ಕೊರಿಯರ್ ಆಯ್ತು ಮೇಡಂ, ಟ್ರ್ಯಾಕಿಂಗ್ ನಂಬರ್ ಡಿಎಂನಲ್ಲಿದೆ’ ಅಂತ ಒಂದು ಸಾಲು ಹಾಕಿ. ಬಹಳ ಜನ ಇದನ್ನೇ ಮರೀತಾರೆ, ಆರು ತಿಂಗಳಾದ್ಮೇಲೆ ಪೇಜ್ ನೋಡೋರಿಗೆ ಆ ಮೋಸ ಅನ್ನೋ ಮಾತಷ್ಟೇ ಕಾಣುತ್ತೆ.