ಮ್ಯಾನೇಜರ್ ಎಲ್ಲರೆದುರು ಮೆಚ್ಚಿ ಬರೆದಾಗ, ಕೆಳಗೆ ನೀವೇನು ಬರೆಯಬೇಕು?

ಲಿಂಕ್ಡ್‌ಇನ್‌ನಲ್ಲಿ ಮ್ಯಾನೇಜರ್ ನಿಮ್ಮ ಹೆಸರು ಹಾಕಿ ನಾಲ್ಕು ಒಳ್ಳೆಯ ಮಾತು ಬರೆದಿದ್ದಾರೆ. ಅದಕ್ಕೆ ನೀವು ಬರೆಯುವ ಕಮೆಂಟನ್ನು ಮೂರು ಬಗೆಯ ಜನ ಓದುತ್ತಾರೆ: ಮ್ಯಾನೇಜರ್, ನಿಮ್ಮ ಜೊತೆ ಕೆಲಸ ಮಾಡಿದವರು, ಮತ್ತೆ ನಿಮ್ಮಿಬ್ಬರನ್ನೂ ಅಷ್ಟಾಗಿ ಅರಿಯದ ಅಪರಿಚಿತರು. ಕಮೆಂಟ್ ಕೆಡುವುದು ಹೆಚ್ಚಾಗಿ ಇವರಲ್ಲಿ ಯಾರಿಗೆ ಬರೆಯುತ್ತಿದ್ದೇವೆ ಎಂಬುದು ತಪ್ಪಿದಾಗ. ಆಫೀಸಿನಲ್ಲಿ ಸಲೀಸಾಗಿ ಮಾತಾಡಿಸುವ ಮ್ಯಾನೇಜರಿಗೆ ಇಲ್ಲಿ ಮಾತ್ರ ಮನವಿ ಪತ್ರದ ಭಾಷೆ ಬಳಸಿದರೆ ಮಾತು ಬಿಗಿಯಾಗುತ್ತದೆ. ಮ್ಯಾನೇಜರ ತಲೆಯ ಮೇಲಿಂದ ಅಪರಿಚಿತರಿಗೆ ಕೇಳಿಸುವಂತೆ ಬರೆದರೆ ಅದು ಪ್ರದರ್ಶನವಾಗುತ್ತದೆ. ಮ್ಯಾನೇಜರಿಗೇ ಬರೆಯಿರಿ, ಆದರೆ ಜೊತೆಗಾರರು ಪಕ್ಕದಲ್ಲೇ ಕೂತು ಕೇಳುತ್ತಿದ್ದಾರೆ ಎಂದುಕೊಂಡು ಬರೆಯಿರಿ.

ಒಂದು ಉದಾಹರಣೆ ಹಿಡಿದು ನೋಡೋಣ. ಮ್ಯಾನೇಜರ ಪೋಸ್ಟ್ ಹೀಗಿದೆ ಎಂದಿಟ್ಟುಕೊಳ್ಳಿ: “ಹಳೆಯ ಬಿಲ್ಲಿಂಗ್ ವ್ಯವಸ್ಥೆಯಿಂದ ಹೊಸದಕ್ಕೆ ಬದಲಾಗುವ ಕೆಲಸ ಮೂರು ತಿಂಗಳಲ್ಲಿ ಮುಗಿಯಿತು. ಗ್ರಾಹಕರಿಗೆ ಒಂದು ಬಿಲ್ ಕೂಡ ತಡವಾಗಲಿಲ್ಲ. ಇದನ್ನು ಮುನ್ನಡೆಸಿದ ಮೀರಾಗೆ ಅಭಿನಂದನೆ.”

ಮೀರಾ ಬರೆಯಬಹುದಾದ ಮೊದಲ ಉತ್ತರ: “ಸರ್, ತಮ್ಮ ಅಮೂಲ್ಯವಾದ ಪ್ರೋತ್ಸಾಹದ ನುಡಿಗಳಿಗೆ ನನ್ನ ಹೃತ್ಪೂರ್ವಕ ಕೃತಜ್ಞತೆಗಳು. ತಮ್ಮ ಮಾರ್ಗದರ್ಶನ ಸದಾ ಹೀಗೆಯೇ ದೊರೆಯಲಿ ಎಂದು ಆಶಿಸುತ್ತೇನೆ.” ವಿನಯಕ್ಕೇನೂ ಕೊರತೆಯಿಲ್ಲ. ಆದರೆ ಇದನ್ನು ಯಾರು ಬೇಕಾದರೂ ಯಾವ ಪೋಸ್ಟಿನ ಕೆಳಗೆ ಬೇಕಾದರೂ ಅಂಟಿಸಬಹುದು. ಬಿಲ್ಲಿಂಗ್ ವಿಷಯ ಇದರಲ್ಲಿ ಇಲ್ಲ, ಆ ಮೂರು ತಿಂಗಳೂ ಇಲ್ಲ. ಬರೆದದ್ದು ಬಿಗಿಯಾಗಿದೆಯೇ ಎಂದು ನೋಡುವ ಪರೀಕ್ಷೆಯೂ ಇದೇ: ಬೇರೊಬ್ಬರ ಪೋಸ್ಟಿಗೆ ಒಂದಕ್ಷರ ಬದಲಿಸದೆ ಹೊಂದಿಕೆಯಾಗುತ್ತದೆ ಎಂದಾದರೆ ಅದು ಇನ್ನೂ ನಿಮ್ಮ ಉತ್ತರವಾಗಿಲ್ಲ.

ಎರಡನೆಯದು: “ಥ್ಯಾಂಕ್ಯೂ ಸರ್! ಹಗಲು ರಾತ್ರಿ ಎನ್ನದೆ ದುಡಿದ ಈ ಪಯಣ ನನಗೆ ನಾಯಕತ್ವ ಎಂದರೇನೆಂದು ಕಲಿಸಿತು. ಇನ್ನೂ ದೊಡ್ಡ ಸವಾಲುಗಳಿಗೆ ಸಿದ್ಧಳಿದ್ದೇನೆ!” ಇದರ ಹಿಂದೆ ನಾಲ್ಕು ಹ್ಯಾಷ್‌ಟ್ಯಾಗ್. ಸಂತೋಷ ನಿಜವೇ ಇರಬಹುದು. ಆದರೂ ಎರಡನೆಯ ವಾಕ್ಯದ ಹೊತ್ತಿಗೆ ಮ್ಯಾನೇಜರ್ ಮರೆಯಾಗಿ, ಮುಂದೆಂದೋ ಕೆಲಸ ಕೊಡಬಹುದಾದವರು ಎದುರಿಗೆ ಬಂದು ನಿಂತಿದ್ದಾರೆ. ಹೊಗಳಿಕೆಯನ್ನು ಮ್ಯಾನೇಜರ್ ಆಗಲೇ ಬರೆದಾಗಿದೆ. ಅದನ್ನು ನೀವು ಬೆಳೆಸಿದಷ್ಟೂ ಅವರ ಮಾತಿನ ತೂಕ ಇಳಿಯುತ್ತದೆ.

ಇನ್ನು ಸರಿಯಾದ ಉತ್ತರ ಕಟ್ಟುವ ಬಗೆ. ಮೊದಲು ಥ್ಯಾಂಕ್ಸ್, ಒಂದೇ ವಾಕ್ಯದಲ್ಲಿ. ಆಫೀಸಿನ ಚಾಟ್‌ನಲ್ಲಿ ನೀವು ಅವರಿಗೆ ಏನು ಬರೆಯುತ್ತೀರೋ ಅದನ್ನೇ ಬರೆಯಿರಿ. ಅಲ್ಲಿ ‘ಸರ್’ ಎಂದರೆ ಇಲ್ಲೂ ಸರ್. ಅಲ್ಲಿ ಹೆಸರು ಹಿಡಿದು ಕರೆಯುತ್ತೀರಾದರೆ ಇಲ್ಲೂ ಹೆಸರೇ. ಆಮೇಲೆ, ಕೆಲಸದಲ್ಲಿ ಮ್ಯಾನೇಜರ್ ನಿಜಕ್ಕೂ ಮಾಡಿದ ಒಂದು ಸಂಗತಿ. ‘ಮಾರ್ಗದರ್ಶನ’ ಎಂದು ಬರೆದು ಮುಗಿಸಬೇಡಿ. ಅವರು ತೆಗೆದುಕೊಂಡ ಒಂದು ತೀರ್ಮಾನ, ಕೊಡಿಸಿದ ಸಮಯ, ಬೇಡವೆಂದು ತಡೆದ ಒಂದು ಆತುರ, ಇಂಥದ್ದನ್ನು ಹುಡುಕಿ. ಕೊನೆಗೆ, ಆ ಕೆಲಸದಲ್ಲಿ ಜೊತೆಗಿದ್ದ ಒಬ್ಬರ ಅಥವಾ ಇಬ್ಬರ ಹೆಸರು, ಅವರು ಮಾಡಿದ್ದೇನು ಎಂಬುದರ ಸಮೇತ.

ಮೀರಾಳ ಕರಡು ಆಗ ಹೀಗಾಗುತ್ತದೆ: “ಥ್ಯಾಂಕ್ಸ್ ಸರ್, ಓದಿ ತುಂಬ ಖುಷಿಯಾಯಿತು. ಎರಡೂ ವ್ಯವಸ್ಥೆಗಳನ್ನು ಒಂದು ತಿಂಗಳು ಜೊತೆಜೊತೆಗೇ ನಡೆಸೋಣ ಎಂದು ನೀವು ಪಟ್ಟು ಹಿಡಿದದ್ದು ಒಳ್ಳೆಯದಾಯಿತು. ಆ ತಿಂಗಳು ಪೂರ್ತಿ ಎರಡೂ ಕಡೆಯ ಬಿಲ್‌ಗಳನ್ನು ತಾಳೆ ನೋಡಿದ್ದು ಕಾವ್ಯಾ. ಎಷ್ಟೊಂದು ತಪ್ಪು ಬಿಲ್‌ಗಳು ಗ್ರಾಹಕರಿಗೆ ಹೋಗದಂತೆ ಹಿಡಿದಳು!”

ಬಹುಪಾಲು ಸರಿಯಾಗಿದೆ. ಕೊನೆಯ ವಾಕ್ಯ ಮಾತ್ರ ಇರಬಾರದು. ಒಳಗೆ ತಪ್ಪು ಬಿಲ್‌ಗಳು ತಯಾರಾಗುತ್ತಿದ್ದವು ಎಂದು ಗ್ರಾಹಕರೂ ಓದಬಹುದಾದ ಜಾಗದಲ್ಲಿ ಅದು ಹೇಳುತ್ತಿದೆ. ಮ್ಯಾನೇಜರ ಪೋಸ್ಟಿನಲ್ಲಿ ಇಲ್ಲದ ಅಂಕಿ, ಗ್ರಾಹಕರ ಹೆಸರು, ಹಳೆಯ ವ್ಯವಸ್ಥೆಯ ದೋಷ, ಇವು ಖುಷಿಯ ಭರದಲ್ಲಿ ಹೀಗೆಯೇ ನುಸುಳುವುದು. ಏನನ್ನು ಹೊರಗೆ ಹೇಳಬಹುದು ಎಂಬುದಕ್ಕೆ ಅವರ ಪೋಸ್ಟೇ ಗೆರೆ. ಅದನ್ನು ದಾಟಬೇಕೆನಿಸಿದರೆ ಮೊದಲು ಅವರನ್ನು ಕೇಳಿ. ಆ ಜೊತೆಜೊತೆಗೆ ನಡೆಸಿದ ತಿಂಗಳ ವಿಷಯವೂ ಪೋಸ್ಟಿನಲ್ಲಿ ಇರಲಿಲ್ಲವಾದ್ದರಿಂದ ಅದನ್ನೂ ಒಂದು ಮಾತು ಕೇಳಿಯೇ ಬರೆಯಬೇಕು. ಕೊನೆಯ ವಾಕ್ಯವನ್ನು “ಬದಲಾವಣೆ ಆದದ್ದೇ ಗ್ರಾಹಕರಿಗೆ ಗೊತ್ತಾಗದಿದ್ದರೆ ಅದರಲ್ಲಿ ಅವಳ ಪಾಲು ದೊಡ್ಡದು” ಎಂದು ತಿದ್ದಿದರೆ ಕಾವ್ಯಾಗೆ ಸಲ್ಲಬೇಕಾದದ್ದು ಸಲ್ಲುತ್ತದೆ, ಒಳಗಿನ ಮಾತು ಒಳಗೇ ಉಳಿಯುತ್ತದೆ.

ಉದ್ದ ಇಷ್ಟು ಸಾಕು, ಮೂರು ಅಥವಾ ನಾಲ್ಕು ವಾಕ್ಯ. ಉದ್ದ ಕಮೆಂಟನ್ನು ಲಿಂಕ್ಡ್‌ಇನ್ ಅರ್ಧಕ್ಕೆ ಕತ್ತರಿಸಿ ತೋರಿಸುತ್ತದೆ. ಕೊನೆಯಲ್ಲಿಟ್ಟ ಕಾವ್ಯಾಳ ಹೆಸರು ಆ ಮಡಿಕೆಯೊಳಗೆ ಸೇರಿ ಯಾರಿಗೂ ಕಾಣದೆ ಹೋಗಬಹುದು.

ಸಂಕೋಚದವರು ಮಾಡುವ ತಪ್ಪು ಬೇರೆ. “ನಾನೇನೂ ಮಾಡಿಲ್ಲ, ಎಲ್ಲ ತಂಡದ ಕೆಲಸ” ಎಂದುಬಿಡುತ್ತಾರೆ. ಇದರಿಂದ ಮ್ಯಾನೇಜರ್ ಎಲ್ಲರೆದುರು ಹೇಳಿದ್ದು ಸುಳ್ಳು ಎಂದಂತಾಗುತ್ತದೆ. ತಂಡಕ್ಕೂ ಏನೂ ದಕ್ಕುವುದಿಲ್ಲ, ಏಕೆಂದರೆ ‘ಎಲ್ಲರೂ’ ಎಂಬ ಮಾತಿನಲ್ಲಿ ಯಾರೂ ತಮ್ಮನ್ನು ಕಾಣುವುದಿಲ್ಲ. ಹೊಗಳಿಕೆಯನ್ನು ಒಂದು ಥ್ಯಾಂಕ್ಸ್‌ನಿಂದ ಸ್ವೀಕರಿಸಿ, ಪಕ್ಕದವರ ಪಾಲನ್ನು ಹೆಸರಿಟ್ಟು ಹೇಳುವುದೇ ನನ್ನ ಪ್ರಕಾರ ಹೆಚ್ಚಿನ ವಿನಯ. ಹಾಗೆಂದು ಹನ್ನೆರಡು ಜನರನ್ನು ಟ್ಯಾಗ್ ಮಾಡಬೇಡಿ. ಪಟ್ಟಿ ಉದ್ದವಾದಷ್ಟೂ ಬಿಟ್ಟುಹೋದ ಹದಿಮೂರನೆಯವರಿಗೆ ಹೆಚ್ಚು ನೋವಾಗುತ್ತದೆ. ಒಂದೆರಡು ಹೆಸರು ಹೇಳಿ, ಉಳಿದವರಿಗೆ ತಂಡದ ಚಾಟ್‌ನಲ್ಲಿ ಅಂದೇ ಥ್ಯಾಂಕ್ಸ್ ಹೇಳಿ.

ಮ್ಯಾನೇಜರನ್ನು ಟ್ಯಾಗ್ ಮಾಡುವ ಅಗತ್ಯವಿಲ್ಲ. ಪೋಸ್ಟ್ ಅವರದೇ ಆದ್ದರಿಂದ ನಿಮ್ಮ ಕಮೆಂಟಿನ ಸೂಚನೆ ಅವರಿಗೆ ಸಾಮಾನ್ಯವಾಗಿ ಹೇಗೂ ಹೋಗುತ್ತದೆ. ಕಾವ್ಯಾಳನ್ನು ಟ್ಯಾಗ್ ಮಾಡಬೇಕು, ಇಲ್ಲದಿದ್ದರೆ ತನ್ನ ಹೆಸರು ಬಂದದ್ದೇ ಅವಳಿಗೆ ತಿಳಿಯದಿರಬಹುದು. ಅದೇ ದಿನ ಅಥವಾ ಮರುದಿನ ಬರೆದರೆ ಸಾಕು. ವಾರ ಕಳೆದಿದ್ದರೂ ತಡವಾದದ್ದಕ್ಕೆ ಕಾರಣ ಹೇಳದೆ ನೇರವಾಗಿ ಥ್ಯಾಂಕ್ಸ್ ಹೇಳಿ. ಕೆಳಗೆ “ಅಭಿನಂದನೆಗಳು” ಎಂದವರಿಗೆ ಲೈಕ್ ಸಾಲುತ್ತದೆ. ಏನಾದರೂ ಕೇಳಿದವರಿಗೆ, ನಿಮ್ಮ ಕೆಲಸದ ಬಗ್ಗೆಯೇ ಮಾತಾಡಿದವರಿಗೆ ಮಾತ್ರ ಉತ್ತರಿಸಿ. ಒಬ್ಬೊಬ್ಬರಿಗೂ ಉತ್ತರಿಸುತ್ತ ಹೋದರೆ ಪೋಸ್ಟ್ ಮತ್ತೆ ಮತ್ತೆ ಜನರ ಕಣ್ಣಿಗೆ ಬೀಳುತ್ತದೆ, ಬೇಕೆಂದೇ ಮೇಲೆತ್ತುತ್ತಿದ್ದೀರಿ ಎನಿಸುತ್ತದೆ. ಆ ಪೋಸ್ಟನ್ನು ನಿಮ್ಮ ಪುಟದಲ್ಲಿ ಮರುಹಂಚುವುದಕ್ಕೂ ಇದೇ ಮಾತು ಸಲ್ಲುತ್ತದೆ.

ಒಂದು ಕಷ್ಟದ ಸಂದರ್ಭ ಉಳಿಯಿತು. ಇನ್ನೊಬ್ಬರು ಮಾಡಿದ ಕೆಲಸವನ್ನು ಮ್ಯಾನೇಜರ್ ನಿಮ್ಮದೆಂದು ಬರೆದಿದ್ದರೆ, ಕಮೆಂಟ್ ಬರೆಯುವ ಮೊದಲೇ ಅವರಿಗೆ ಖಾಸಗಿ ಮೆಸೇಜ್ ಕಳಿಸಿ: “ಸರ್, ಪೋಸ್ಟಿಗೆ ಥ್ಯಾಂಕ್ಸ್. ಡೇಟಾ ಸಾಗಿಸುವ ಭಾಗವನ್ನು ಮಾಡಿದ್ದು ಇಮ್ರಾನ್. ಅವನ ಹೆಸರನ್ನೂ ಸೇರಿಸುತ್ತೀರಾ?” ಪೋಸ್ಟನ್ನು ತಿದ್ದಲು ಅವಕಾಶವಿದೆ, ಹೆಚ್ಚಿನವರು ಕೂಡಲೇ ತಿದ್ದುತ್ತಾರೆ. ಸಂಜೆಯವರೆಗೂ ಉತ್ತರ ಬರದಿದ್ದರೆ ನಿಮ್ಮ ಕಮೆಂಟಿನಲ್ಲೇ “ಡೇಟಾ ಸಾಗಿಸಿದ ಪೂರ್ತಿ ಕೆಲಸ ಇಮ್ರಾನ್‌ದು” ಎಂದು ಸೇರಿಸಿ. ‘ತಪ್ಪಾಗಿದೆ’, ‘ಬಿಟ್ಟುಹೋಗಿದೆ’ ಎಂಬ ಮಾತುಗಳು ಬೇಡ. ಆ ಒಂದು ವಾಕ್ಯ ಓದಿದರೆ ಇಮ್ರಾನ್‌ಗೂ ತಿಳಿಯುತ್ತದೆ, ಮ್ಯಾನೇಜರಿಗೂ ತಿಳಿಯುತ್ತದೆ.