ಮಿಲ್ ಓಡುತ್ತದೆ, ಅಂಗಳ ಓಡಲ್ಲ: ಮಾರಾಟದ ಗುರಿ ಎಲ್ಲಿ ನಿಲ್ಲುತ್ತದೆ?

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ನಾನು ಕೆಲವು ವರ್ಷ ಲೆಕ್ಕ ನೋಡಿಕೊಂಡಿದ್ದೆ. ಪ್ರತಿ ಶ್ರಾವಣಕ್ಕೂ ಒಂದೇ ಜಗಳ. ಹಬ್ಬದ ತಿಂಗಳಿಗೆ 500 ಟನ್ ತೊಗರಿ ಬೇಳೆ ಬೇಕು ಎಂದು ಮಾರಾಟದವರು, ಅಷ್ಟು ಆಗಲ್ಲ ಎಂದು ಮಿಲ್‌ನವರು.

ಇಬ್ಬರ ಲೆಕ್ಕವೂ ಸರಿಯೇ ಇತ್ತು. ಗಂಟೆಗೆ 2 ಟನ್, ದಿನಕ್ಕೆ 16 ಗಂಟೆ, 25 ದಿನ ಅಂದರೆ 800 ಟನ್ ತೊಗರಿ. ನೂರಕ್ಕೆ 72ರಂತೆ 576 ಟನ್ ಬೇಳೆ. ಮತ್ತೇಕೆ ಆಗಲ್ಲ? ಯಾಕೆಂದರೆ ಎಣ್ಣೆ ಹಚ್ಚಿದ ತೊಗರಿ ಮೊದಲು ಅಂಗಳದಲ್ಲಿ ಒಣಗಬೇಕು. ಅಂಗಳದಲ್ಲಿ ಹಿಡಿಯುವುದು 60 ಟನ್. ಬೇಸಿಗೆಯಲ್ಲಿ 2 ದಿನಕ್ಕೆ ಒಣಗಿದರೆ ಮೋಡದ ಆಗಸ್ಟ್‌ನಲ್ಲಿ 3 ದಿನ ಬೇಕು. ಆಗ ತಿಂಗಳಿಗೆ 500 ಟನ್ ತೊಗರಿ, 360 ಟನ್ ಬೇಳೆ, ಅಷ್ಟೇ. ಅವಸರ ಮಾಡಿ ಅರ್ಧ ಒಣಗಿದ್ದನ್ನೇ ಮಿಲ್‌ಗೆ ಹಾಕಿದರೆ ಸಿಪ್ಪೆ ಬಿಡಲ್ಲ, ನುಚ್ಚು ಜಾಸ್ತಿ, ಮತ್ತೆ ಓಡಿಸಬೇಕು. ನಾವು ಒಮ್ಮೆ ಹಾಗೇ ಮಾಡಿ ಕೆಟ್ಟೆವು.

ಈ ಜಗಳ ಹಳೆಯದು. 1970ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳು ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್, ಅಂದರೆ ಎಂಆರ್‌ಪಿ ಎಂಬ ಲೆಕ್ಕವನ್ನು ಕಂಪ್ಯೂಟರ್‌ಗೆ ಕೊಟ್ಟವು. ಯಾವ ಸಾಮಾನು ಯಾವಾಗ ಬೇಕು ಎಂದು ಅದು ಹೇಳುತ್ತಿತ್ತು, ಆದರೆ ಯಂತ್ರಕ್ಕೆ ಮಿತಿಯೇ ಇಲ್ಲ ಎಂದುಕೊಂಡು. ಕಾರ್ಖಾನೆಗಳ ಸಲಹೆಗಾರ ಆಲಿವರ್ ವೈಟ್ ಮತ್ತು ಜೊತೆಯವರು ಅದಕ್ಕೆ ಸಾಮರ್ಥ್ಯದ ಲೆಕ್ಕವನ್ನೂ ಸೇರಿಸಿದರು. 1980ರ ದಶಕದಲ್ಲಿ ಇನ್ನೊಬ್ಬ ಸಲಹೆಗಾರ ಡಿಕ್ ಲಿಂಗ್ ಅವರಿಂದ ಸೇಲ್ಸ್ ಅಂಡ್ ಆಪರೇಷನ್ಸ್ ಪ್ಲಾನಿಂಗ್, ಅಂದರೆ ಎಸ್ ಅಂಡ್ ಒಪಿ ಎಂಬ ತಿಂಗಳ ಸಭೆ ರೂಪ ಪಡೆಯಿತು. ಮಾರಾಟ, ಉತ್ಪಾದನೆ, ಹಣಕಾಸು ಮೂವರೂ ಒಟ್ಟಿಗೆ ಕೂತು ಒಂದೇ ಸಂಖ್ಯೆ ಒಪ್ಪಿ ಏಳಬೇಕು. ಎಲ್ಲ ಯಂತ್ರಗಳನ್ನೂ ಲೆಕ್ಕ ಹಾಕುತ್ತಾ ಕೂರುವುದಿಲ್ಲ, ಎಲ್ಲಿ ಇಕ್ಕಟ್ಟಿದೆಯೋ ಅದನ್ನಷ್ಟೇ ನೋಡುತ್ತಾರೆ. ನಮ್ಮಲ್ಲಿ ಅದು ಅಂಗಳ.

ಇನ್ನೊಂದು ಮುಖ್ಯ ಮಾತು, ಸಭೆ ಮುಂದಿನ ವಾರವನ್ನಲ್ಲ, ಒಂದು ವರ್ಷಕ್ಕೂ ಹೆಚ್ಚು ದೂರ ನೋಡುತ್ತದೆ. ನಾವು ಕೂಡುತ್ತಿದ್ದದ್ದು ಆಗಸ್ಟ್‌ನಲ್ಲಿ, ಆಗ 'ಆಗಲ್ಲ' ಅನ್ನುವುದು ಬಿಟ್ಟು ಬೇರೇನು ಉಳಿದಿರುತ್ತದೆ, ಅಲ್ವಾ? ಮರುವರ್ಷ ಮೇ ತಿಂಗಳಲ್ಲೇ ಆಗಸ್ಟ್ ಲೆಕ್ಕ ತೆಗೆದೆವು. 140 ಟನ್ ಕೊರತೆ ಕಣ್ಣೆದುರು ಬಂತು. ಮೇ ಬಿಸಿಲಿಗೆ ಅಂಗಳದಿಂದ 540 ಟನ್ ಬೇಳೆಯಾಗುವಷ್ಟು ತೊಗರಿ ಒಣಗುತ್ತಿತ್ತು, ಆ ತಿಂಗಳ ಬೇಡಿಕೆ 450. ಮಿಕ್ಕ 90 ಟನ್ ಪೂರ್ತಿ ಮಾಡಿಟ್ಟುಕೊಳ್ಳೋಣ ಎಂದರು ಮಾರಾಟದವರು. ಹಣಕಾಸಿನವರು ತಡೆದರು: ಮೂರು ತಿಂಗಳ ಬಡ್ಡಿ, ಮೇಲೆ ದರ ಬಿದ್ದರೆ ನಷ್ಟ. ಒಪ್ಪಿದ್ದು 60ಕ್ಕೆ. ಬೇರೆ ಮಿಲ್‌ನಲ್ಲಿ ಕೂಲಿಗೆ 30 ಟನ್ ಮಾಡಿಸಿದೆವು. ಉಳಿದ 50 ಟನ್, ಕರಾರಿಲ್ಲದ ಬಿಡಿ ವ್ಯಾಪಾರ, ಅದನ್ನು ಬಿಟ್ಟೆವು.

ಹೀಗೆ ಗುರಿ 450ಕ್ಕೆ ಇಳಿಯಿತು. ಆದರೆ ಮಾರಾಟದ ಹುಡುಗರ ಕಮಿಷನ್ ಇನ್ನೂ 500ರ ಮೇಲೇ ಇತ್ತು, ಅವರು ಸುಮ್ನೆ ಆರ್ಡರ್ ಹಿಡಿಯುತ್ತಲೇ ಇದ್ದರು. ತಡವಾದ ಲಾರಿಗಳ ಪಟ್ಟಿ ಬೆಳೆದಾಗ ಗೊತ್ತಾಯಿತು. ಮುಂದಿನ ಸಭೆಯಲ್ಲಿ ಕಮಿಷನ್ ಲೆಕ್ಕವನ್ನೂ 450ಕ್ಕೆ ಇಳಿಸಿದೆವು.