ಪಟ್ಟಿಯ ಮೊದಲ ಸಾಲಿನಲ್ಲಿರುವ ಬೆಲೆ

ಕಳೆದ ತಿಂಗಳು ಮನೆಗೆ 750 ವಾಟ್‌ನ ಮಿಕ್ಸಿ ಕೊಳ್ಳಲೆಂದು ಬೆಲೆ ಹೋಲಿಸುವ ಜಾಲತಾಣವೊಂದನ್ನು ತೆರೆದಾಗ, ಒಂದೇ ಮಾದರಿಗೆ ಮೂರು ಅಂಗಡಿಗಳ ಬೆಲೆ ಕಾಣಿಸಿತು: 3,199, 3,280 ಮತ್ತು 3,420 ರೂಪಾಯಿ. ಮೊದಲನೆಯದನ್ನು ಒತ್ತಿದರೆ ಅಂಗಡಿಯ ಪುಟದಲ್ಲಿ ‘ಸ್ಟಾಕ್ ಇಲ್ಲ’ ಎಂದಿತ್ತು.

ಇದು ಕೇವಲ ಆಕಸ್ಮಿಕವಲ್ಲ. ಇಂಥ ಜಾಲತಾಣಗಳು ಸಾಮಾನ್ಯವಾಗಿ ನಾವು ನೋಡುವ ಕ್ಷಣದಲ್ಲಿ ಅಂಗಡಿಯನ್ನು ವಿಚಾರಿಸುವುದಿಲ್ಲ. ಬೆಲೆ ಮತ್ತು ದಾಸ್ತಾನಿನ ವಿವರಗಳಿರುವ ‘ಫೀಡ್’ ಎಂಬ ಕಡತವನ್ನು ಅಂಗಡಿಗಳಿಂದ ಆಗಾಗ ಪಡೆದು, ಅದನ್ನೇ ತೋರಿಸುತ್ತವೆ. ಎರಡು ಕಡತಗಳ ನಡುವಿನ ಗಂಟೆಗಳಲ್ಲಿ ಸರಕು ಖಾಲಿಯಾದರೂ ಹಳೆಯ ಸಾಲು ಹಾಗೆಯೇ ಉಳಿದಿರುತ್ತದೆ. ಎಲ್ಲರೂ ಮೊದಲು ಹೋಗುವುದು ಅತಿ ಕಡಿಮೆ ಬೆಲೆಯ ಅಂಗಡಿಗೇ ಆದ್ದರಿಂದ ಬೇಗ ಖಾಲಿಯಾಗುವುದೂ ಅಲ್ಲಿಯೇ. ಹೀಗಾಗಿ ಹಳಸಿದ ಮಾಹಿತಿ ಪಟ್ಟಿಯ ಮೇಲ್ತುದಿಯಲ್ಲೇ ಹೆಚ್ಚಾಗಿ ಸೇರಿಕೊಳ್ಳುತ್ತದೆ. ಬೆಲೆಯ ಏರಿಳಿತ ತೋರಿಸುವ ನಕ್ಷೆಯಲ್ಲಿ ಕಾಣುವ ‘ಅತಿ ಕಡಿಮೆ ಬೆಲೆ’ಯೂ ಕೆಲವೊಮ್ಮೆ ಯಾರೂ ಕೊಳ್ಳಲಾಗದಿದ್ದ ಬೆಲೆಯೇ ಆಗಿರಬಹುದು.

ಪಟ್ಟಿಯ ಕ್ರಮದ ವಿಷಯ ಇನ್ನೂ ಗಂಭೀರವಾದದ್ದು. ನಾವು ಅಂಗಡಿಯ ಕೊಂಡಿಯನ್ನು ಒತ್ತಿದಾಗ ಅಥವಾ ಸರಕು ಕೊಂಡಾಗ ಅಂಗಡಿಯಿಂದ ಬರುವ ಹಣವೇ ಇಂಥ ಅನೇಕ ಜಾಲತಾಣಗಳ ಆದಾಯ. ಹೋಟೆಲ್ ಕೋಣೆಗಳ ಬೆಲೆ ಹೋಲಿಸುವ ‘ಟ್ರಿವಾಗೊ’ ವಿರುದ್ಧ ಆಸ್ಟ್ರೇಲಿಯದ ಗ್ರಾಹಕ ಆಯೋಗ 2018ರಲ್ಲಿ ಹೂಡಿದ ದಾವೆಯಲ್ಲಿ ಇದರ ಪರಿಣಾಮ ಬಯಲಾಯಿತು. ಕೊಂಡಿಯನ್ನು ಒಮ್ಮೆ ಒತ್ತಿದ್ದಕ್ಕೆ ಯಾವ ಬುಕಿಂಗ್ ತಾಣ ಎಷ್ಟು ಹಣ ಕೊಡುತ್ತದೆ ಎಂಬುದಕ್ಕೆ ಟ್ರಿವಾಗೊದ ಗಣನಕ್ರಮ ಗಣನೀಯ ತೂಕ ಕೊಡುತ್ತಿತ್ತು. ಹಾಗಾಗಿ ಕಡಿಮೆ ಬೆಲೆಯ ಕೋಣೆ ಲಭ್ಯವಿದ್ದರೂ ಹೆಚ್ಚು ಬೆಲೆಯದು ಎದ್ದು ಕಾಣುವ ಜಾಗ ಪಡೆಯುತ್ತಿತ್ತು. ಅಡ್ಡಗೆರೆ ಎಳೆದ ‘ಹಿಂದಿನ’ ಬೆಲೆ ಕೆಲವೊಮ್ಮೆ ಅದೇ ಹೋಟೆಲಿನ ಐಷಾರಾಮಿ ಕೋಣೆಯದಾಗಿದ್ದು, ಸಾಧಾರಣ ಕೋಣೆಯ ಬೆಲೆಯ ಪಕ್ಕದಲ್ಲಿ ನಿಂತು ಸುಳ್ಳು ಉಳಿತಾಯ ತೋರಿಸುತ್ತಿತ್ತು. 2022ರಲ್ಲಿ ನ್ಯಾಯಾಲಯ 4.47 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಇದು ಸಣ್ಣ ಲೋಪವಲ್ಲ, ಹೋಲಿಕೆ ಎಂಬ ಮಾತಿಗೇ ಬಗೆದ ದ್ರೋಹವೆಂದು ನಾನು ಭಾವಿಸುತ್ತೇನೆ.

ಆದ್ದರಿಂದ ನಾನು ಮೊದಲು ‘ಶಿಫಾರಸು’ ಎಂಬ ಕ್ರಮವನ್ನು ಬಿಟ್ಟು ‘ಕಡಿಮೆ ಬೆಲೆಯಿಂದ ಹೆಚ್ಚಿಗೆ’ ಎಂಬುದನ್ನು ಆರಿಸುತ್ತೇನೆ. ‘ಪ್ರಾಯೋಜಿತ’ ಅಥವಾ ‘ಜಾಹೀರಾತು’ ಎಂಬ ಸಣ್ಣ ಗುರುತು ಹೊತ್ತ ಸಾಲುಗಳು ಆಮೇಲೂ ಮೇಲೆಯೇ ಉಳಿಯಬಹುದು. ಅವನ್ನು ದಾಟಿ ಕೆಳಗೆ ಹೋಗುತ್ತೇನೆ. ಆನಂತರ ಪೂರ್ತಿ ಮಾದರಿ ಸಂಖ್ಯೆಯನ್ನು ಹೋಲಿಕೆಯ ಜಾಲತಾಣ, ಅಂಗಡಿಯ ಪುಟ ಎರಡೂ ಕಡೆ ಹೋಲಿಸುತ್ತೇನೆ, ಏಕೆಂದರೆ ಜಾರುಗಳ ಸಂಖ್ಯೆ ಬೇರೆಯಾದರೆ ಒಂದೇ ಹೆಸರಿನ ಮಿಕ್ಸಿಯ ಬೆಲೆಯೂ ಬೇರೆಯಾಗುತ್ತದೆ. ಕೊನೆಗೆ ಅಂಗಡಿಯ ಪುಟದಲ್ಲಿ ಪಿನ್‌ಕೋಡ್ ಹಾಕಿ, ಹಣ ಪಾವತಿಸುವ ಹಂತದವರೆಗೂ ಹೋಗಿ ಒಟ್ಟು ಮೊತ್ತ ಓದುತ್ತೇನೆ. ಅಂದು 3,280 ರೂಪಾಯಿಯ ಮಿಕ್ಸಿಗೆ ಸಾಗಣೆ ವೆಚ್ಚ 150 ಸೇರಿ 3,430 ಆಯಿತು. ಮೂರನೆಯ ಅಂಗಡಿ 3,420ಕ್ಕೇ ಮನೆಗೆ ತಲುಪಿಸುತ್ತಿತ್ತು, ಅಲ್ಲಿಂದಲೇ ತರಿಸಿದೆ.